ಪಾಸ್‌ವರ್ಡ್ ಮ್ಯಾನೇಜರ್‌ನ ಮಾಸ್ಟರ್ ಪಾಸ್‌ವರ್ಡ್ ಮರೆತರೆ: ಯಾವುದು ಸಾಧ್ಯ, ಯಾವುದು ಅಸಾಧ್ಯ, ಯಾವ ಕ್ರಮದಲ್ಲಿ ಮಾಡಬೇಕು

ಕಲಬುರಗಿ ಕಡೆಯಿಂದ ನನಗೆ ಬರುವ ಫೋನ್‌ಗಳಲ್ಲಿ ಈ ತೊಂದರೆ ಮತ್ತೆ ಮತ್ತೆ ಬರುತ್ತಿದೆ. ಮಾಸ್ಟರ್ ಪಾಸ್‌ವರ್ಡ್ ಮರೆತವರಲ್ಲಿ ಹೆಚ್ಚಿನವರಿಗೆ ಮೊದಲ ದಿನ ದಾರಿ ಇನ್ನೂ ತೆರೆದೇ ಇರುತ್ತದೆ. ಗಾಬರಿಯಲ್ಲಿ ಆ್ಯಪ್ ಅಳಿಸಿ ಮತ್ತೆ ಹಾಕಿಕೊಂಡು, ಇದ್ದ ಒಂದು ದಾರಿಯನ್ನೂ ತಾವೇ ಮುಚ್ಚಿಕೊಳ್ಳುತ್ತಾರೆ. ಅದಕ್ಕೇ ಇಲ್ಲಿ ಏನು ಮಾಡಬೇಕು ಅನ್ನುವುದಕ್ಕಿಂತ ಯಾವುದನ್ನು ಮೊದಲು ಮಾಡಬೇಕು ಅನ್ನುವುದಕ್ಕೆ ಜಾಸ್ತಿ ಜಾಗ ಕೊಟ್ಟಿದ್ದೇನೆ.

ಉದಾಹರಣೆಗೆ ಬಿಟ್‌ವಾರ್ಡನ್ ತೆಗೆದುಕೊಂಡಿದ್ದೇನೆ. ಉಚಿತವಾಗಿ ಸಿಗುವುದರಿಂದ ಅಂಗಡಿ, ಮಿಲ್ಲು, ಶಾಲೆ ಎಲ್ಲ ಕಡೆ ಅದನ್ನು ಬಳಸುವವರು ಇದ್ದಾರೆ. ಬೇರೆ ಆ್ಯಪ್‌ಗಳ ಬಗ್ಗೆ ಕೊನೆಯ ಕಡೆ ಸ್ವಲ್ಪ ಹೇಳಿದ್ದೇನೆ.

ಜೊತೆಗೆ ಒಂದು ನಿಜವಾದ ಪ್ರಕರಣ ಇಟ್ಟುಕೊಳ್ಳೋಣ. ಕಲಬುರಗಿಯ ಗಂಜ್ ಹತ್ತಿರದ ಒಂದು ತೊಗರಿ ದಾಲ್ ಮಿಲ್ಲಿನಲ್ಲಿ ಲೆಕ್ಕ ನೋಡಿಕೊಳ್ಳುವವರೊಬ್ಬರದ್ದು ಅದು. ಜಿಎಸ್‌ಟಿ, ಇ-ವೇ ಬಿಲ್, ಆದಾಯ ತೆರಿಗೆ, ಬ್ಯಾಂಕ್, ಮಕ್ಕಳ ಸ್ಕಾಲರ್‌ಶಿಪ್, ಹೀಗೆ ನೂರಕ್ಕೂ ಮಿಕ್ಕಿ ಲಾಗಿನ್‌ಗಳು ಬಿಟ್‌ವಾರ್ಡನ್‌ನಲ್ಲಿ ಇದ್ದವು. ಹಳೆಯ ಮಾಸ್ಟರ್ ಪಾಸ್‌ವರ್ಡ್ ಚಿಕ್ಕದಾಯಿತು ಎಂದು ಉದ್ದದ್ದೊಂದನ್ನು ಇಟ್ಟರು. ಅದಾದ ಮೇಲೆ ತಿಂಗಳುಗಟ್ಟಲೆ ಬೆರಳಚ್ಚಿನಿಂದಲೇ ತೆರೆದರು. ಮಿಲ್ಲಿನ ಕಂಪ್ಯೂಟರ್‌ಗೆ ವಿಂಡೋಸ್ ಹೊಸದಾಗಿ ಹಾಕಿಸಿದ ದಿನ ಮಾಸ್ಟರ್ ಪಾಸ್‌ವರ್ಡ್ ಬೇಕಾಯಿತು. ನೆನಪಾಗಲಿಲ್ಲ. “ಫೋನ್‌ದಾಗ ಬೆರಳಿಟ್ರ ತೆರೀತದ ರೀ, ಕಂಪ್ಯೂಟರ್‌ದಾಗ ತೆರೀವಲ್ದು” ಎಂದರು. ಆ ಮಾತಿನ ಮೊದಲ ಅರ್ಧ ಕೇಳಿದಾಗಲೇ ಇವರ ಕೆಲಸ ಆಗುತ್ತದೆ ಅನ್ನಿಸಿತು.

## ಕಂಪನಿ ಯಾಕೆ ರಿಸೆಟ್ ಮಾಡಿಕೊಡುವುದಿಲ್ಲ

ಇದೊಂದು ಗೊತ್ತಿದ್ದರೆ ಮುಂದಿನ ಹಂತಗಳು ತಾವಾಗಿ ಅರ್ಥವಾಗುತ್ತವೆ. ನೀವು ಟೈಪ್ ಮಾಡಿದ ಮಾಸ್ಟರ್ ಪಾಸ್‌ವರ್ಡ್ ನಿಮ್ಮ ಫೋನ್ ಅಥವಾ ಕಂಪ್ಯೂಟರ್ ಬಿಟ್ಟು ಆಚೆ ಹೋಗುವುದಿಲ್ಲ. ಅಲ್ಲೇ ಅದನ್ನು ನಿಮ್ಮ ಇಮೇಲ್ ವಿಳಾಸದ ಜೊತೆ ಸೇರಿಸಿ, ಮಾಮೂಲಿ ಸೆಟ್ಟಿಂಗ್‌ನಲ್ಲಿ 6,00,000 ಸುತ್ತು ಲೆಕ್ಕ ಹಾಕಿ ಒಂದು ಕೀಲಿ ತಯಾರಾಗುತ್ತದೆ. ನಿಮ್ಮ ಲಾಗಿನ್‌ಗಳೆಲ್ಲ ಇರುವ ಪೆಟ್ಟಿಗೆಗೆ ವಾಲ್ಟ್ ಎನ್ನುತ್ತಾರೆ, ಅದರ ಬೀಗ ತೆರೆಯಲು ಆ ಕೀಲಿಯೇ ಬೇಕು. ಕಂಪನಿಯ ಸರ್ವರ್‌ನಲ್ಲಿ ಇರುವುದು ಬೀಗ ಹಾಕಿದ ಮಾಹಿತಿ ಮಾತ್ರ.

ಹಾಗಾಗಿ ಸಹಾಯವಾಣಿಗೆ ಎಷ್ಟು ಬೇಡಿಕೊಂಡರೂ, ಆಧಾರ್ ಕಾರ್ಡ್ ಕಳಿಸಿದರೂ ಅವರ ಕೈಯಲ್ಲಿ ಏನೂ ಇಲ್ಲ. ಹಣ ಕೊಟ್ಟರೆ ವಾಲ್ಟ್ ತೆರೆದುಕೊಡುತ್ತೇವೆ ಎಂದು ಯಾರಾದರೂ ಹೇಳಿದರೆ ಅದು ಮೋಸ. ಅಂಥವರಿಗೆ ಆಗಲೇ ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ, cybercrime.gov.in ನಲ್ಲಿ ದೂರು ಕೊಡಿ.

ಆದರೆ ಬೆರಳಿಟ್ಟರೆ ತೆರೆಯುವ ಫೋನ್‌ನೊಳಗೆ ಆ ಕೀಲಿ ಇನ್ನೂ ಇದೆ. ಬೆರಳಚ್ಚಿಗೆ ಮಾಸ್ಟರ್ ಪಾಸ್‌ವರ್ಡ್ ಏನೆಂದು ಗೊತ್ತಿಲ್ಲ. ಫೋನ್ ಒಳಗೆ ಜೋಪಾನವಾಗಿಟ್ಟ ಕೀಲಿಯನ್ನು ಅದು ಹೊರಗೆ ತೆಗೆದುಕೊಡುತ್ತದೆ, ಅಷ್ಟೆ. ಆ ಕೀಲಿ ಅಳಿಸಿಹೋಗದಂತೆ ನೋಡಿಕೊಳ್ಳುವುದೇ ನಿಮ್ಮ ಮೊದಲ ಕೆಲಸ.

## ಹಂತ 1: ಮುಟ್ಟಬಾರದ್ದನ್ನು ಮುಟ್ಟಬೇಡಿ

ತೆರೆಯುತ್ತಿರುವ ಫೋನ್‌ನಲ್ಲಿ ಬಿಟ್‌ವಾರ್ಡನ್‌ನಿಂದ ಲಾಗ್ ಔಟ್ ಆಗಬೇಡಿ. ಆ್ಯಪ್ ಅಳಿಸಬೇಡಿ. ಫೋನ್ ಸೆಟ್ಟಿಂಗ್ಸ್‌ಗೆ ಹೋಗಿ ಆ್ಯಪ್‌ನ ಡೇಟಾ ಕ್ಲಿಯರ್ ಮಾಡಬೇಡಿ. ಈ ಮೂರರ ಫಲ ಒಂದೇ: ಕೀಲಿ ಹೋಗುತ್ತದೆ, ಮತ್ತೆ ಒಳಗೆ ಬರಲು ಮಾಸ್ಟರ್ ಪಾಸ್‌ವರ್ಡ್ ಬೇಕಾಗುತ್ತದೆ.

ಇನ್ನೊಂದು ತಪ್ಪು ಯಾರ ಗಮನಕ್ಕೂ ಬರುವುದಿಲ್ಲ. ಫೋನ್‌ಗೆ ಹೊಸ ಬೆರಳಚ್ಚು ಸೇರಿಸಬೇಡಿ. ಸದ್ಯ ಹೆಂಡತಿಯ ಬೆರಳೂ ಇರಲಿ ಎಂದು ಸೇರಿಸಿದ ತಕ್ಷಣ, ಭದ್ರತೆಯ ದೃಷ್ಟಿಯಿಂದ ಬೆರಳಚ್ಚಿನ ಹಳೆಯ ಒಪ್ಪಿಗೆ ರದ್ದಾಗಿ, ಆ್ಯಪ್ ಮಾಸ್ಟರ್ ಪಾಸ್‌ವರ್ಡ್ ಕೇಳಲು ಶುರುಮಾಡುತ್ತದೆ. ಬಿಟ್‌ವಾರ್ಡನ್ ಸೆಟ್ಟಿಂಗ್ಸ್‌ನಲ್ಲಿ ಬೆರಳಚ್ಚಿನ ಗುಂಡಿಯನ್ನು ಆಫ್ ಮಾಡಿ ಆನ್ ಮಾಡಿ ನೋಡುವುದೂ ಬೇಡ. ಎಷ್ಟು ಹೊತ್ತಿಗೆ ಬೀಗ ಬೀಳಬೇಕು ಎಂಬ ಸೆಟ್ಟಿಂಗ್‌ನಲ್ಲಿ `Log out` ಎಂಬ ಆಯ್ಕೆಯನ್ನಂತೂ ಮುಟ್ಟಲೇಬೇಡಿ.

ಬೆರಳಿನ ಬದಲು ಪಿನ್ ಇಟ್ಟುಕೊಂಡಿದ್ದರೆ ಊಹಿಸಿ ಒತ್ತಬೇಡಿ. 5 ಸಲ ತಪ್ಪಾದರೆ ಆ್ಯಪ್ ತಾನೇ ಲಾಗ್ ಔಟ್ ಆಗುತ್ತದೆ.

ಹೊಸ ಫೋನ್ ತಗೊಂಡು ಹಳೆಯದರಿಂದ ಎಲ್ಲ ಕಾಪಿ ಮಾಡಿಕೊಂಡರೆ ಸರಿ ಹೋಗುತ್ತದೆ ಅಂದುಕೊಳ್ಳುವವರೂ ಇದ್ದಾರೆ. ಆ್ಯಪ್ ಬರುತ್ತದೆ, ಲಾಗಿನ್ ಬರುವುದಿಲ್ಲ. ಹಳೆಯ ಫೋನನ್ನು ರಿಸೆಟ್ ಮಾಡಿ ಎಕ್ಸ್‌ಚೇಂಜ್‌ಗೆ ಕೊಟ್ಟ ಮೇಲೆ ನೆನಪಾದರೆ ಏನೂ ಮಾಡಲಾಗದು.

ಕಂಪ್ಯೂಟರ್‌ನಲ್ಲಿ ವಾಲ್ಟ್ ತೆರೆದಿದ್ದರೆ ಅದರ ಪಾಡು ಬೇರೆ. ಬ್ರೌಸರ್ ಎಕ್ಸ್‌ಟೆನ್ಷನ್‌ನಲ್ಲಿ ಪಿನ್ ಇದ್ದರೂ, ಬ್ರೌಸರ್ ಮತ್ತೆ ಶುರುವಾದಾಗ ಮಾಸ್ಟರ್ ಪಾಸ್‌ವರ್ಡ್ ಬೇಕು ಎಂಬ ಸೆಟ್ಟಿಂಗ್ ಇರಬಹುದು. ಬೇಸಿಗೆಯಲ್ಲಿ ನಮ್ಮ ಕಡೆ ಕರೆಂಟಿನ ಕಥೆ ಗೊತ್ತೇ ಇದೆ. ಯುಪಿಎಸ್ ಇಲ್ಲದ ಕಂಪ್ಯೂಟರ್ ಆರಿಹೋದರೆ ಆ ದಾರಿಯೂ ಆರಿತು. ಅದಕ್ಕೇ ತೆರೆದಿರುವುದು ಕಂಪ್ಯೂಟರ್ ಒಂದೇ ಆಗಿದ್ದರೆ ಹಂತ 4ಕ್ಕೆ ಆಗಲೇ ಹೋಗಿ, ಮುಖ್ಯವಾದದ್ದನ್ನು ಮೊದಲು ಬರೆದುಕೊಳ್ಳಿ. ಫೋನ್‌ಗೆ ಈ ಭಯ ಇಲ್ಲ. ಚಾರ್ಜ್ ಮುಗಿದು ಆಫ್ ಆದರೂ, ಆನ್ ಮಾಡಿ ಫೋನಿನ ಪಿನ್ ಹಾಕಿದ ಮೇಲೆ ಬೆರಳಚ್ಚು ಮೊದಲಿನ ಹಾಗೇ ಕೆಲಸ ಮಾಡುತ್ತದೆ.

## ಹಂತ 2: ಮರೆತದ್ದು ನಿಜವಾಗಿ ಯಾವುದು ಎಂದು ಗುರುತಿಸಿ

ಪಾಸ್‌ವರ್ಡ್ ಹಾಕಿದ ಮೇಲೆ ಆರಂಕಿಯ ಕೋಡ್ ಕೇಳುತ್ತಿದೆಯಾ? ಹಾಗಿದ್ದರೆ ನಿಮ್ಮ ಮಾಸ್ಟರ್ ಪಾಸ್‌ವರ್ಡ್ ಸರಿಯಾಗೇ ಇದೆ. ಕಳೆದುಹೋಗಿರುವುದು ಎರಡನೇ ಹಂತದ ಕೋಡ್, ಅಂದರೆ ಪಾಸ್‌ವರ್ಡ್ ಆದ ಮೇಲೆ ಲಾಗಿನ್‌ಗೆ ಕೇಳುವ ಎರಡನೇ ಗುರುತು. ಅದಕ್ಕೆ ರಿಕವರಿ ಕೋಡ್ ಎಂಬುದು ಬೇರೆ ಇದೆ. ಇದನ್ನು ತಿರುಗಿಸಿ ಹೇಳುವುದಾದರೆ, ರಿಕವರಿ ಕೋಡ್ ಬರೆದಿಟ್ಟಿದ್ದೇನೆ ಎಂದು ಮಾಸ್ಟರ್ ಪಾಸ್‌ವರ್ಡ್ ಮರೆತವರು ಸಮಾಧಾನ ಪಡುವಂತಿಲ್ಲ. ಬಿಟ್‌ವಾರ್ಡನ್‌ನ ರಿಕವರಿ ಕೋಡ್ ಎರಡನೇ ಹಂತವನ್ನು ತೆಗೆದುಹಾಕುತ್ತದೆ, ಮಾಸ್ಟರ್ ಪಾಸ್‌ವರ್ಡ್ ಬದಲಿಸುವುದಿಲ್ಲ.

ಇಮೇಲ್ ತಪ್ಪಾದರೂ, ಪಾಸ್‌ವರ್ಡ್ ತಪ್ಪಾದರೂ ಪರದೆಯ ಮೇಲೆ ಬರುವ ಸಂದೇಶ ಒಂದೇ. ಅದಕ್ಕೆ ಫೋನ್‌ನಲ್ಲಿ ತೆರೆದ ಆ್ಯಪ್‌ಗೆ ಹೋಗಿ ಅಲ್ಲಿರುವ ಇಮೇಲ್ ವಿಳಾಸವನ್ನು ಅಕ್ಷರ ಅಕ್ಷರ ಓದಿ. ಪಕ್ಕದಲ್ಲೇ ಸರ್ವರ್ ಯಾವುದು ಎಂದೂ ನೋಡಿ. ಬಿಟ್‌ವಾರ್ಡನ್‌ಗೆ `bitwarden.com` ಮತ್ತು `bitwarden.eu` ಎಂಬ ಎರಡು ಬೇರೆ ಬೇರೆ ಮನೆಗಳಿವೆ. ಒಂದರಲ್ಲಿ ತೆರೆದ ಖಾತೆ ಇನ್ನೊಂದರಲ್ಲಿ ಇರುವುದಿಲ್ಲ. ಲಾಗಿನ್ ಪುಟದ ಕೆಳಗೆ ತಪ್ಪಾದದ್ದು ಆಯ್ಕೆಯಾಗಿದ್ದರೆ ಸರಿಯಾದ ಪಾಸ್‌ವರ್ಡ್ ಹಾಕಿದರೂ ತಪ್ಪು ಅಂತಲೇ ಬರುತ್ತದೆ.

ಈಗಲೇ ಇನ್ನೊಂದು ಕೆಲಸ ಮುಗಿಸಿ. ನಿಮ್ಮ ಇಮೇಲ್‌ನ ಪಾಸ್‌ವರ್ಡ್ ವಾಲ್ಟ್‌ನೊಳಗೆ ಮಾತ್ರ ಇದೆಯಾ? ಹಾಗಿದ್ದರೆ ಅದನ್ನು ಈಗಲೇ ಕಾಗದದ ಮೇಲೆ ಬರೆದುಕೊಳ್ಳಿ. ಮುಂದಿನ ಹಲವು ಹಂತಗಳಲ್ಲಿ ಆ ಇಮೇಲ್‌ಗೆ ಒಂದಲ್ಲ ಒಂದು ಪತ್ರ ಬರುತ್ತದೆ. ಎರಡನೇ ಹಂತ ಇಟ್ಟುಕೊಳ್ಳದವರು ಹೊಸ ಕಂಪ್ಯೂಟರ್‌ನಿಂದ ಒಳಗೆ ಹೋಗಲು ನೋಡಿದರೆ ಬಿಟ್‌ವಾರ್ಡನ್ ಇಮೇಲ್‌ಗೇ ಕೋಡ್ ಕಳಿಸುತ್ತದೆ. ಇಮೇಲ್ ತೆರೆಯಲು ವಾಲ್ಟ್ ಬೇಕು, ವಾಲ್ಟ್ ತೆರೆಯಲು ಇಮೇಲ್ ಬೇಕು ಎಂಬ ಸುಳಿಗೆ ಸಿಕ್ಕರೆ ಹೊರಬರುವುದು ಬಹಳ ಕಷ್ಟ.

## ಹಂತ 3: ಪಾಸ್‌ವರ್ಡನ್ನೇ ಹುಡುಕಿ, ಆದರೆ ಕ್ರಮವಾಗಿ

ಸುಮ್ನೆ ಕಂಡದ್ದು ಟೈಪ್ ಮಾಡುತ್ತಾ ಹೋದರೆ ಯಾವುದನ್ನು ನೋಡಿದ್ದೀರಿ ಎಂಬುದೇ ಮರೆತುಹೋಗುತ್ತದೆ. ಒಂದು ಕಾಗದ ತಗೊಳ್ಳಿ.

ಮೊದಲು ಬ್ರೌಸರ್‌ನಲ್ಲೇ ನೋಡಿ. ಎಂದೋ ಒಮ್ಮೆ “ಈ ಪಾಸ್‌ವರ್ಡ್ ಉಳಿಸಲೇ” ಎಂದು ಕ್ರೋಮ್ ಕೇಳಿದಾಗ ಹೌದು ಎಂದು ಒತ್ತಿರಬಹುದು. ವಿಳಾಸದ ಜಾಗದಲ್ಲಿ ಇದನ್ನು ಹಾಕಿ, bitwarden ಎಂದು ಹುಡುಕಿ:

```
chrome://password-manager/passwords
```

ಫೈರ್‌ಫಾಕ್ಸ್ ಆದರೆ `about:logins`. ಫೋನ್‌ನಲ್ಲಿ ಗೂಗಲ್ ಖಾತೆಯ ಪಾಸ್‌ವರ್ಡ್‌ಗಳನ್ನು passwords.google.com ನಲ್ಲಿ ನೋಡಬಹುದು. ಅಲ್ಲಿ ಸಿಕ್ಕವರೂ ಇದ್ದಾರೆ.

ಆಮೇಲೆ ಸುಳಿವು. ಲಾಗಿನ್ ಪುಟದಲ್ಲಿ ಇಮೇಲ್ ಹಾಕಿದ ಮೇಲೆ ಪಾಸ್‌ವರ್ಡ್ ಜಾಗದ ಕೆಳಗೆ `Get master password hint` ಎಂದು ಕಾಣುತ್ತದೆ. ಖಾತೆ ತೆರೆಯುವಾಗ ನೀವು ಏನಾದರೂ ಸುಳಿವು ಬರೆದಿದ್ದರೆ ಅದು ಇಮೇಲ್‌ಗೆ ಬರುತ್ತದೆ. ಬರೆದಿರದಿದ್ದರೆ ಸುಳಿವಿಲ್ಲ ಎಂಬ ಉತ್ತರ ಬರುತ್ತದೆ. ಮರೆತವರಿಗೆ ಕಂಪನಿ ಕೊಡಬಲ್ಲ ನೇರ ಸಹಾಯ ಇದೊಂದೇ.

ಕೊನೆಗೆ ಊಹೆ. ನೆನಪಿರುವ ತುಂಡುಗಳನ್ನು ಬರೆದು, ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಕಣ್ಣಿನ ಗುರುತು ಒತ್ತಿ, ಟೈಪ್ ಆಗಿದ್ದು ಏನೆಂದು ನೋಡುತ್ತಾ ಹಾಕಿ. ಫೋನ್ ಕೀಬೋರ್ಡ್ ಮೊದಲ ಅಕ್ಷರವನ್ನು ತಾನೇ ದೊಡ್ಡದು ಮಾಡುತ್ತದೆ. ಸೂಚಿಸಿದ ಪದವನ್ನು ಒತ್ತಿದರೆ ಕೊನೆಗೊಂದು ಖಾಲಿ ಜಾಗ ಸೇರುತ್ತದೆ. ಕಂಪ್ಯೂಟರ್‌ನಲ್ಲಿ ಕನ್ನಡ ಕೀಬೋರ್ಡ್ ಆನ್ ಇದ್ದಾಗ ಚುಕ್ಕೆಗಳು ಮಾತ್ರ ಕಾಣುವುದರಿಂದ ಒಳಗೆ ಬಿದ್ದದ್ದು ಕನ್ನಡ ಅಕ್ಷರ ಎಂದು ಗೊತ್ತೇ ಆಗುವುದಿಲ್ಲ.

ನಮ್ಮ ಕಡೆಯವರು ಇನ್ನೊಂದನ್ನು ನೋಡಲೇಬೇಕು. ಪಾಸ್‌ವರ್ಡ್‌ನಲ್ಲಿ ಊರ ಹೆಸರು ಇಡುವ ಅಭ್ಯಾಸ ಬಹಳ ಜನಕ್ಕಿದೆ. ಕಲಬುರಗಿಯ ಹೆಸರು ಅಧಿಕೃತವಾಗಿ ಬದಲಾದದ್ದು 2014ರ ನವೆಂಬರ್ 1ರಂದು. ಬೆರಳು ಮಾತ್ರ ಇನ್ನೂ `Gulbarga` ಎಂದೇ ಬರೆಯುತ್ತದೆ, ಅಲ್ವಾ? ಅದನ್ನೂ, `Kalaburagi`, `Kalburgi` ಎರಡನ್ನೂ ನೋಡಿ. ಯಾದಗಿರಿಯವರು `Yadgir` ಮತ್ತು `Yadgiri`, ಬೀದರ್‌ನವರು `Bidar` ಮತ್ತು `Beedar` ನೋಡಿ.

ಅರ್ಧ ಗಂಟೆಯಲ್ಲಿ ಸಿಗದಿದ್ದರೆ ನಿಲ್ಲಿಸಿ. ಮಿಲ್ಲಿನವರಿಗೂ ಸಿಗಲಿಲ್ಲ. ಫೋನ್ ತೆರೆಯುತ್ತಿರುವಾಗ ಊಹೆಗೆ ಇಡೀ ದಿನ ಕಳೆಯುವುದು ವ್ಯರ್ಥ.

## ಹಂತ 4: ಮುಖ್ಯವಾದ ಹತ್ತನ್ನು ಕಾಗದದ ಮೇಲೆ ಇಳಿಸಿ

ದೊಡ್ಡ ಕೆಲಸಕ್ಕೆ ಕೈಹಾಕುವ ಮುಂಚೆ ಇದೊಂದು ಕಾವಲು. ಫೋನ್ ತೆರೆದು, ಇಮೇಲ್, ಬ್ಯಾಂಕ್, ಜಿಎಸ್‌ಟಿ, ಆದಾಯ ತೆರಿಗೆ, ಸಿಮ್ ಕಂಪನಿಯ ಖಾತೆ, ಹೀಗೆ ಇಲ್ಲದಿದ್ದರೆ ಕೆಲಸವೇ ನಿಲ್ಲುವಂಥ ಹತ್ತನ್ನು ಬರೆದುಕೊಳ್ಳಿ. ದೊಡ್ಡ O, ಸೊನ್ನೆ, ಸಣ್ಣ l, ಒಂದು, ಇವು ಬರೆಯುವಾಗ ಕಲೆಸಿಹೋಗುತ್ತವೆ. ಸೊನ್ನೆಗೆ ಅಡ್ಡಗೆರೆ ಹಾಕಿಕೊಳ್ಳಿ.

ಇನ್ನೊಂದು ಫೋನಿನಿಂದ ಪರದೆಯ ಫೋಟೊ ತೆಗೆದು ವಾಟ್ಸಾಪ್‌ನಲ್ಲಿ ತಮಗೇ ಕಳಿಸಿಕೊಳ್ಳುವವರಿದ್ದಾರೆ. ದಯವಿಟ್ಟು ಬೇಡ. ಆ ಫೋಟೊ ಗ್ಯಾಲರಿಯಿಂದ ಬ್ಯಾಕಪ್‌ಗೂ ಹೋಗಿ ಕೂರುತ್ತದೆ.

ಕೆಲವು ನಮೂದುಗಳು ತೆರೆಯದೆ ಮಾಸ್ಟರ್ ಪಾಸ್‌ವರ್ಡ್ ಕೇಳಿದರೆ ಗಾಬರಿ ಬೇಡ. ಆ ನಮೂದಿಗೆ ನೀವೇ `Master password re-prompt` ಎಂಬ ಗುರುತು ಹಾಕಿದ್ದೀರಿ. ಅವನ್ನು ಈಗ ಬಿಟ್ಟು ಮುಂದೆ ಹೋಗಿ. ಮುಂದಿನ ಹಂತ ಕೈಗೂಡಿದರೆ ಅವೂ ಬರುತ್ತವೆ.

ಫೋನ್‌ನ ಆ್ಯಪ್‌ನಲ್ಲಿ ಎಕ್ಸ್‌ಪೋರ್ಟ್ ಒತ್ತಿ ಎಲ್ಲವನ್ನೂ ಒಟ್ಟಿಗೆ ತೆಗೆಯಬಹುದಲ್ಲ ಎಂದು ಕೇಳಬಹುದು. ಅಲ್ಲಿ ಮಾಸ್ಟರ್ ಪಾಸ್‌ವರ್ಡ್ ಕೇಳುತ್ತದೆ. ಬೆರಳಚ್ಚು ನೋಡಲು ಬಿಡುತ್ತದೆ, ಸಾಗಿಸಲು ಬಿಡುವುದಿಲ್ಲ.

## ಹಂತ 5: ಫೋನಿನ ಒಪ್ಪಿಗೆಯಿಂದ ಕಂಪ್ಯೂಟರ್‌ನಲ್ಲಿ ತೆರೆಯಿರಿ

ಬಹಳ ಜನಕ್ಕೆ ಗೊತ್ತಿಲ್ಲದ ದಾರಿ ಇದು. ಫೋನ್‌ನಲ್ಲಿರುವ ಕೀಲಿಯನ್ನು ಕಂಪ್ಯೂಟರ್‌ಗೆ ಕೊಡಬಹುದು.

ಕಂಪ್ಯೂಟರ್‌ನಲ್ಲಿ vault.bitwarden.com ತೆರೆದು ಇಮೇಲ್ ಹಾಕಿ ಮುಂದುವರಿಯಿರಿ. ಪಾಸ್‌ವರ್ಡ್ ಜಾಗದ ಕೆಳಗೆ `Log in with device` ಎಂಬ ಗುಂಡಿ ಕಾಣಬೇಕು. ಅದನ್ನು ಒತ್ತಿದರೆ ಪರದೆಯ ಮೇಲೆ ಕೆಲವು ಇಂಗ್ಲಿಷ್ ಪದಗಳ ಸಾಲು ಬರುತ್ತದೆ. ಫೋನ್‌ಗೂ ಸೂಚನೆ ಬರುತ್ತದೆ. ಬರದಿದ್ದರೆ ಆ್ಯಪ್‌ನಲ್ಲಿ `Settings`, `Account security`, `Pending login requests` ಎಂದು ಹೋಗಿ. ಎರಡೂ ಪರದೆಯ ಪದಗಳು ಒಂದೇ ಇವೆಯೇ ಎಂದು ಓದಿ ನೋಡಿ, ಆಮೇಲೆ ಒಪ್ಪಿಗೆ ಕೊಡಿ. ಈ ಕೋರಿಕೆ 15 ನಿಮಿಷ ಮಾತ್ರ ಬದುಕಿರುತ್ತದೆ. ಎರಡನೇ ಹಂತದ ಕೋಡ್ ಇಟ್ಟುಕೊಂಡಿದ್ದರೆ ಅದನ್ನೂ ಕೇಳುತ್ತದೆ.

ಮಿಲ್ಲಿನ ಕಂಪ್ಯೂಟರ್‌ನಲ್ಲಿ ಈ ಗುಂಡಿಯೇ ಕಾಣಲಿಲ್ಲ. ಕಾರಣ ಸರಳ. ಹಿಂದೆ ಒಮ್ಮೆಯಾದರೂ ಮಾಸ್ಟರ್ ಪಾಸ್‌ವರ್ಡ್ ಹಾಕಿ ಒಳಗೆ ಹೋಗಿದ್ದ ಬ್ರೌಸರ್ ಆದರೆ ಮಾತ್ರ ಬಿಟ್‌ವಾರ್ಡನ್‌ಗೆ ಅದರ ಗುರುತು ಇರುತ್ತದೆ. ವಿಂಡೋಸ್ ಹೊಸದಾಗಿ ಹಾಕಿದ್ದರಿಂದ ಆ ಗುರುತು ಅಳಿಸಿತ್ತು. ಮನೆಯಲ್ಲಿ ಮಗಳು ಓದಲು ಬಳಸುವ ಲ್ಯಾಪ್‌ಟಾಪ್‌ನ ಕ್ರೋಮ್‌ನಲ್ಲಿ ಹಿಂದೊಮ್ಮೆ ತೆರೆದಿದ್ದ ನೆನಪು ಅವರಿಗಿತ್ತು. ಅಲ್ಲಿ ಗುಂಡಿ ಕಾಣಿಸಿತು. ನೀವೂ ಹಳೆಯ ಕಂಪ್ಯೂಟರ್, ಎಕ್ಸ್‌ಟೆನ್ಷನ್, ಬೇರೆ ಬ್ರೌಸರ್ ಎಲ್ಲ ಕಡೆ ಹುಡುಕಿ. ಇನ್‌ಕಾಗ್ನಿಟೊ ಕಿಟಕಿಯಲ್ಲಿ ಕಾಣುವುದಿಲ್ಲ. ಕುಕೀಸ್ ಕ್ಲಿಯರ್ ಮಾಡಿದ್ದರೂ ಕಾಣುವುದಿಲ್ಲ. ಈ ಹುಡುಕಾಟ ಮುಗಿಯುವ ತನಕ ಯಾವ ಕಂಪ್ಯೂಟರ್‌ನಲ್ಲೂ ಹಿಸ್ಟರಿ ಅಳಿಸಬೇಡಿ.

ಒಳಗೆ ಹೋದ ಮೇಲೆ ಎಫ್5 ಒತ್ತಬೇಡಿ. ಪುಟ ರಿಫ್ರೆಶ್ ಆದರೆ ಬೀಗ ಬಿದ್ದು ಮಾಸ್ಟರ್ ಪಾಸ್‌ವರ್ಡ್ ಕೇಳುತ್ತದೆ. ಸ್ವಲ್ಪ ಹೊತ್ತು ಸುಮ್ಮನೆ ಬಿಟ್ಟರೂ ಅದೇ. ಹಾಗಾದರೆ ಲ್ಯಾಪ್‌ಟಾಪ್‌ನಲ್ಲಿ ಮಾತ್ರ ಲಾಗ್ ಔಟ್ ಒತ್ತಿ, ಮೇಲಿನ ಕ್ರಮವನ್ನು ಮತ್ತೆ ಮಾಡಿ. ಫೋನ್‌ನಲ್ಲಿ ಲಾಗ್ ಔಟ್ ಆಗಬಾರದು ಎಂಬ ಮೊದಲ ಮಾತು ಇನ್ನೂ ಜಾರಿಯಲ್ಲಿದೆ.

ಈಗ `Tools` ಒಳಗೆ ಎಕ್ಸ್‌ಪೋರ್ಟ್ ಪುಟಕ್ಕೆ ಹೋಗಿ, ಅದು ಏನು ಕೇಳುತ್ತದೆ ನೋಡಿ. ಮಾಸ್ಟರ್ ಪಾಸ್‌ವರ್ಡ್ ಕೇಳಿದರೆ ಆ ಬಾಗಿಲು ಮುಚ್ಚಿದೆ, ಹಂತ 6ಕ್ಕೆ ಹೋಗಿ. ಇಮೇಲ್‌ಗೆ ಕೋಡ್ ಕಳಿಸುತ್ತೇನೆ ಎಂದರೆ ನಿಮ್ಮ ಅದೃಷ್ಟ, ಒಂದು ಪ್ರತಿ ತೆಗೆದಿಟ್ಟುಕೊಳ್ಳಿ. ಆದರೆ ಇಲ್ಲೊಂದು ಎಚ್ಚರಿಕೆ ಬೇಕು. ಬೀಗ ಹಾಕಿದ ಫೈಲ್ ತೆಗೆಯುವಾಗ `Account restricted` ಮತ್ತು `Password protected` ಎಂದು ಎರಡು ಆಯ್ಕೆ ಇರುತ್ತವೆ. ಮೊದಲನೆಯದರಲ್ಲಿ ತೆಗೆದ ಫೈಲ್ ಅದೇ ಖಾತೆಯಲ್ಲಿ ಮಾತ್ರ ತೆರೆಯುತ್ತದೆ. ಆ ಖಾತೆಯೇ ಕೈತಪ್ಪುವ ಹಾಗಿರುವಾಗ ಅದು ಯಾವ ಉಪಯೋಗಕ್ಕೂ ಬಾರದು. ಎರಡನೆಯದನ್ನೇ ಆರಿಸಿ. ಸಿಎಸ್‌ವಿ ತೆಗೆದರೆ ಲಾಗಿನ್ ಮತ್ತು ಟಿಪ್ಪಣಿಗಳು ಮಾತ್ರ ಬರುತ್ತವೆ, ಕಾರ್ಡ್ ವಿವರಗಳು ಬರುವುದಿಲ್ಲ.

## ಹಂತ 6: ತುರ್ತು ಸಂಪರ್ಕದ ಮೂಲಕ ಹೊಸ ಮಾಸ್ಟರ್ ಪಾಸ್‌ವರ್ಡ್ ಇಡಿಸಿ

ಒಳಗಿದ್ದೇವಲ್ಲ, ನೇರವಾಗಿ ಮಾಸ್ಟರ್ ಪಾಸ್‌ವರ್ಡ್ ಬದಲಿಸೋಣ ಎಂದರೆ ಆಗದು. ಬದಲಿಸುವ ಪುಟ ಹಳೆಯದನ್ನು ಕೇಳುತ್ತದೆ. ಆದರೆ `Emergency access` ಎಂಬ ಸೌಲಭ್ಯ ಇದೆ. ನಿಮಗೆ ಏನಾದರೂ ಆದರೆ ನಂಬಿಕಸ್ಥರೊಬ್ಬರು ನಿಮ್ಮ ಖಾತೆ ವಹಿಸಿಕೊಳ್ಳಲಿ ಎಂದು ಮಾಡಿದ್ದು. ವಹಿಸಿಕೊಳ್ಳುವವರು ಹೊಸ ಮಾಸ್ಟರ್ ಪಾಸ್‌ವರ್ಡ್ ಇಡಬಹುದು, ಹಳೆಯದು ಬೇಕಿಲ್ಲ. ವಾಲ್ಟ್ ತೆರೆದಿರುವಾಗಲೇ ಇದನ್ನು ಹೊಂದಿಸಿದರೆ ನಿಮ್ಮ ಖಾತೆಯನ್ನು ನೀವೇ ವಾಪಸ್ ಪಡೆಯಬಹುದು.

1. ಎರಡನೇ ಖಾತೆ. ಬೇರೆ ಇಮೇಲ್‌ನಿಂದ ಇನ್ನೊಂದು ಉಚಿತ ಬಿಟ್‌ವಾರ್ಡನ್ ಖಾತೆ ಬೇಕು. ಮನೆಯವರದ್ದಾದರೂ ಆಗಬಹುದು, ನಿಮ್ಮದೇ ಇನ್ನೊಂದಾದರೂ ಆಗಬಹುದು. ನಿಮ್ಮದೇ ಆದರೆ ಹೊಸ ಪಾಸ್‌ವರ್ಡ್ ಬೇರೆಯವರಿಗೆ ಗೊತ್ತಾಗುವುದಿಲ್ಲ. ಅದನ್ನು ಬೇರೆ ಬ್ರೌಸರ್‌ನಲ್ಲಿ ತೆರೆಯಿರಿ. ಒಂದೇ ಬ್ರೌಸರ್‌ನಲ್ಲಿ ತೆರೆಯಹೋದರೆ ಮೊದಲನೆಯದು ಹೊರಗೆ ಬೀಳುತ್ತದೆ.

2. ಪ್ರೀಮಿಯಂ. ಹಳೆಯ ಖಾತೆಗೆ ಪ್ರೀಮಿಯಂ ಇರಬೇಕು. `Settings` ಒಳಗಿನ `Subscription` ನಲ್ಲಿ ಹಣ ಕಟ್ಟಬಹುದು. ಎರಡನೇ ಖಾತೆಗೆ ಬೇಕಿಲ್ಲ. ಕಾರ್ಡ್ ತಿರಸ್ಕಾರವಾದರೆ ಬ್ಯಾಂಕ್ ಆ್ಯಪ್‌ನಲ್ಲಿ ಅಂತರರಾಷ್ಟ್ರೀಯ ಆನ್‌ಲೈನ್ ಪಾವತಿ ಆಫ್ ಇದೆಯೇ ನೋಡಿ. ಮಿಲ್ಲಿನವರು ನಿಂತದ್ದು ಇಲ್ಲೇ. ಕಾರ್ಡ್‌ನಲ್ಲಿ ಹಣ ಇತ್ತು, ಆ ಗುಂಡಿ ಆಫ್ ಇತ್ತು.

3. ಆಹ್ವಾನ. ಹಳೆಯ ಖಾತೆಯ `Settings` ಒಳಗೆ `Emergency access` ಗೆ ಹೋಗಿ, ಎರಡನೇ ಖಾತೆಯ ಇಮೇಲ್ ಸೇರಿಸಿ. `View` ಆರಿಸಿದರೆ ಓದಲು ಮಾತ್ರ ಬಿಡುತ್ತದೆ. ನಮಗೆ ಬೇಕಿರುವುದು `Takeover`. ಕಾಯುವ ಅವಧಿ 1 ದಿನ ಇಡಿ.

4. ಒಪ್ಪಿಗೆ ಮತ್ತು ದೃಢೀಕರಣ. ಎರಡನೇ ಖಾತೆಗೆ ಬಂದ ಇಮೇಲ್‌ನ ಲಿಂಕ್ ತೆರೆದು ಒಪ್ಪಿಕೊಳ್ಳಿ. ಎಷ್ಟೋ ಜನ ಇಲ್ಲಿಗೇ ಮುಗಿಯಿತು ಅಂದುಕೊಳ್ಳುತ್ತಾರೆ. ಮುಗಿದಿಲ್ಲ. ಹಳೆಯ ಖಾತೆಯಲ್ಲಿ ಆ ಹೆಸರಿನ ಮುಂದೆ `Accepted` ಎಂದು ಬಂದ ಮೇಲೆ, ಮೂರು ಚುಕ್ಕೆ ಒತ್ತಿ `Confirm` ಕೊಡಬೇಕು. ನಿಮ್ಮ ವಾಲ್ಟ್‌ನ ಕೀಲಿ ಎರಡನೇ ಖಾತೆಗೆ ತಲುಪುವುದು ಈ ಒತ್ತುವಿಕೆಯಲ್ಲೇ. ವರ್ಷದ ಹಿಂದೆ ತುರ್ತು ಸಂಪರ್ಕ ಇಟ್ಟಿದ್ದೆ ಎನ್ನುವವರ ಖಾತೆ ನೋಡಿದರೆ ಎಷ್ಟೋ ಸಲ ಅದು `Accepted` ನಲ್ಲೇ ನಿಂತಿರುತ್ತದೆ. ಪುಟ ಹೊಸದಾಗಿ ಕಾಣಬೇಕಾದರೆ ರಿಫ್ರೆಶ್ ಮಾಡದೆ, ಬೇರೆ ಮೆನುಗೆ ಹೋಗಿ ವಾಪಸ್ ಬನ್ನಿ.

5. ಕೋರಿಕೆ. ಎರಡನೇ ಖಾತೆಯ `Emergency access` ಪುಟದಲ್ಲಿ ಹಳೆಯ ಖಾತೆಯ ಹೆಸರು ಕಾಣುತ್ತದೆ. ಮೂರು ಚುಕ್ಕೆ ಒತ್ತಿ `Request Access` ಕೊಡಿ. ಹಳೆಯ ಖಾತೆಯಲ್ಲಿ `Approve` ಒತ್ತಿದರೆ ಒಂದು ದಿನ ಕಾಯಬೇಕಿಲ್ಲ. ಅಷ್ಟರಲ್ಲಿ ಬೀಗ ಬಿದ್ದು ಒಳಗೆ ಹೋಗಲಾಗದಿದ್ದರೂ ಚಿಂತೆಯಿಲ್ಲ, ಒಂದು ದಿನ ಕಳೆದರೆ ಅದು ತಾನೇ ಒಪ್ಪಿಗೆಯಾಗುತ್ತದೆ.

6. ಹೊಸ ಪಾಸ್‌ವರ್ಡ್. ಈಗ ಎರಡನೇ ಖಾತೆಯಲ್ಲಿ `Takeover` ಒತ್ತಿ. ಹೊಸ ಮಾಸ್ಟರ್ ಪಾಸ್‌ವರ್ಡನ್ನು ಮೊದಲು ಕಾಗದದ ಮೇಲೆ ಬರೆದು, ಕಾಗದ ನೋಡಿಕೊಂಡೇ ಟೈಪ್ ಮಾಡಿ. ಕನಿಷ್ಠ 12 ಅಕ್ಷರ ಬೇಕು. ಮನಸ್ಸಿನಲ್ಲಿದ್ದದ್ದನ್ನು ಟೈಪ್ ಮಾಡಿ ಆಮೇಲೆ ಬರೆದುಕೊಂಡರೆ ಎರಡರಲ್ಲಿ ಒಂದು ಅಕ್ಷರ ಬೇರೆಯಾಗಿರುವ ಅಪಾಯ ಇದೆ.

ಇದಾದ ಮೇಲೆ ನಿಮ್ಮ ಫೋನ್ ಸೇರಿ ಎಲ್ಲ ಕಡೆ ಹಳೆಯ ಖಾತೆ ಲಾಗ್ ಔಟ್ ಆಗುತ್ತದೆ. ಹೆದರಬೇಡಿ, ಹಾಗೇ ಆಗಬೇಕು. ಲ್ಯಾಪ್‌ಟಾಪ್‌ನಲ್ಲಿ ಹಳೆಯ ಇಮೇಲ್ ಮತ್ತು ಹೊಸ ಪಾಸ್‌ವರ್ಡ್ ಹಾಕಿ ಒಳಗೆ ಹೋಗಿ ನೋಡಿ. ಮಿಲ್ಲಿನವರಿಗೆ ನೂರಕ್ಕೂ ಮಿಕ್ಕಿದ ಲಾಗಿನ್‌ಗಳೂ ಇದ್ದಲ್ಲೇ ಇದ್ದವು. ಮರು-ಕೇಳುವ ಗುರುತು ಹಾಕಿದ ನಮೂದುಗಳೂ ಹೊಸ ಪಾಸ್‌ವರ್ಡ್‌ಗೆ ತೆರೆದವು.

ಎರಡು ಪರಿಣಾಮ ನೆನಪಿಡಿ. ವಹಿಸಿಕೊಂಡಾಗ ಹಳೆಯ ಖಾತೆಯ ಎರಡನೇ ಹಂತದ ಲಾಗಿನ್ ತೆಗೆದುಹಾಕಲ್ಪಡುತ್ತದೆ, ಅದನ್ನು ಮತ್ತೆ ಹಾಕಬೇಕು. ಕಚೇರಿಯ ಹಂಚಿಕೆಯ ಗುಂಪಿನಲ್ಲಿ ನೀವು ಮಾಲೀಕರಲ್ಲದೆ ಬರೀ ಸದಸ್ಯರಾಗಿದ್ದರೆ ಅದರಿಂದ ಹೊರಬೀಳುತ್ತೀರಿ, ಅವರು ಮತ್ತೆ ಆಹ್ವಾನಿಸಬೇಕು. ಮನೆಯವರ ಖಾತೆಯಿಂದ ಇದನ್ನು ಮಾಡಿದ್ದರೆ, ಒಳಗೆ ಹೋದ ಕೂಡಲೇ ಮಾಸ್ಟರ್ ಪಾಸ್‌ವರ್ಡನ್ನು ಇನ್ನೊಮ್ಮೆ ಬದಲಿಸಿಕೊಳ್ಳಿ.

## ಹಂತ 7: ಹಂತ 5 ಸಿಗದಿದ್ದರೆ ಕೈಯಿಂದಲೇ ಸಾಗಿಸಿ

ಫೋನ್ ತೆರೆಯುತ್ತದೆ, ಆದರೆ ಗುರುತಿನ ಬ್ರೌಸರ್ ಎಲ್ಲೂ ಇಲ್ಲ ಎಂದಾದರೆ ಬೇಸರದ ಕೆಲಸ ಒಂದೇ ಉಳಿಯುತ್ತದೆ. ಕಂಪ್ಯೂಟರ್‌ನಲ್ಲಿ ಬೇರೆ ಇಮೇಲ್‌ನಿಂದ ಹೊಸ ಖಾತೆ ತೆರೆದು, ಫೋನ್ ಪಕ್ಕಕ್ಕಿಟ್ಟು ಒಂದೊಂದಾಗಿ ಟೈಪ್ ಮಾಡುವುದು. ಒಂದು ನಮೂದು ಹಾಕಿದ ಮೇಲೆ ಆ ಜಾಲತಾಣಕ್ಕೆ ಹೋಗಿ ಲಾಗಿನ್ ಆಗುತ್ತದೆಯೇ ನೋಡಿ, ಆಮೇಲೆ ಮುಂದಿನದ್ದು.

ಟಿಪ್ಪಣಿಗಳನ್ನು, ಕೋಡ್ ಕೊಡುವ ಅಥೆಂಟಿಕೇಟರ್ ಕೀಲಿಯನ್ನು ಮರೆಯುವವರು ಜಾಸ್ತಿ. ನಮೂದನ್ನು ತಿದ್ದುವ ಪುಟದಲ್ಲಿ ತೆರೆದರೆ ಆ ಕೀಲಿ ಕಾಣುತ್ತದೆ. ಪಾಸ್‌ವರ್ಡ್ ಬದಲು ಬಳಸುವ ಪಾಸ್‌ಕೀಗಳನ್ನು ಹೀಗೆ ಬರೆದುಕೊಳ್ಳಲು ಆಗುವುದಿಲ್ಲ. ಆಯಾ ಜಾಲತಾಣಕ್ಕೆ ಹೋಗಿ ಹೊಸದನ್ನೇ ಮಾಡಬೇಕು.

## ಎಲ್ಲೂ ತೆರೆದಿಲ್ಲ ಎಂದಾದರೆ

ಯಾವ ಸಾಧನದಲ್ಲೂ ಲಾಗಿನ್ ಇಲ್ಲ, ತುರ್ತು ಸಂಪರ್ಕ ಮೊದಲೇ ದೃಢವಾಗಿಲ್ಲ, ಪಾಸ್‌ವರ್ಡ್ ನೆನಪಿಲ್ಲ. ಹಾಗಾದರೆ ಆ ವಾಲ್ಟ್ ಹೋಯಿತು. ಮುಂದಿನ ತಿಂಗಳು ನೆನಪಾದೀತು ಎಂಬ ಆಸೆ ಇದ್ದರೆ ಖಾತೆಯನ್ನು ಅಳಿಸದೆ ಹಾಗೇ ಬಿಡಿ, ಬೇರೆ ಇಮೇಲ್‌ನಲ್ಲಿ ಹೊಸದು ಶುರುಮಾಡಿ. ಅದೇ ಇಮೇಲ್ ಬೇಕೇ ಬೇಕು ಎಂದರೆ `vault.bitwarden.com/#/recover-delete` ನಲ್ಲಿ ಇಮೇಲ್ ಹಾಕಿ, ಬಂದ ಲಿಂಕ್ ಒತ್ತಿದರೆ ಖಾತೆ ಪೂರ್ತಿ ಅಳಿಯುತ್ತದೆ. ಆ ಪುಟದ ಹೆಸರಿನಲ್ಲಿ recover ಇದೆ ಎಂದು ಮೋಸ ಹೋಗಬೇಡಿ. ಒಳಗಿದ್ದ ಯಾವುದೂ ವಾಪಸ್ ಬರುವುದಿಲ್ಲ.

ವಾಲ್ಟ್ ಹೋದರೂ ಅದರೊಳಗೆ ಹೆಸರಿದ್ದ ಖಾತೆಗಳು ಹೋಗಿಲ್ಲ. ಮೊದಲು ಇಮೇಲ್ ವಾಪಸ್ ಪಡೆಯಿರಿ, ನೋಂದಾಯಿತ ಸಿಮ್ ಚಾಲ್ತಿಯಲ್ಲಿರಲಿ. ಜಿಎಸ್‌ಟಿ ತಾಣದಲ್ಲಿ ಬಳಕೆದಾರ ಹೆಸರು ಗೊತ್ತಿದ್ದರೆ ಒಟಿಪಿ ಮೂಲಕ ಹೊಸ ಪಾಸ್‌ವರ್ಡ್ ಇಡಬಹುದು. ಆದಾಯ ತೆರಿಗೆ ತಾಣದಲ್ಲಿ ಆಧಾರ್‌ಗೆ ಜೋಡಿಸಿದ ಮೊಬೈಲ್‌ಗೆ ಒಟಿಪಿ ಬರುತ್ತದೆ. ಆ ನಂಬರ್ ಹಳೆಯ ಮುನೀಮರದ್ದೋ, ಆಡಿಟರ್‌ ಕಚೇರಿಯದ್ದೋ ಆಗಿದ್ದರೆ ಅವರನ್ನು ಇವತ್ತೇ ಹುಡುಕಿ. ರಿಟರ್ನ್ ಕಟ್ಟುವ ಕೊನೆಯ ದಿನ ಹುಡುಕಿದರೆ ಸಿಗುವುದಿಲ್ಲ.

## ಬೇರೆ ಆ್ಯಪ್ ಬಳಸುವವರಿಗೆ

1ಪಾಸ್‌ವರ್ಡ್ ಬಳಸುವವರಿಗೆ ಪಾಸ್‌ವರ್ಡ್ ಜೊತೆ `Secret Key` ಎಂಬ ಉದ್ದದ ಕೋಡ್ ಕೂಡ ಬೇಕು. ಖಾತೆ ತೆರೆದಾಗ ಇಳಿಸಿಕೊಂಡ `Emergency Kit` ಪಿಡಿಎಫ್ ಫೋನಿನ ಡೌನ್‌ಲೋಡ್‌ನಲ್ಲೋ, ಪ್ರಿಂಟ್ ಮಾಡಿದ ಕಾಗದವಾಗಿಯೋ ಇರಬಹುದು, ಹುಡುಕಿ. ಕುಟುಂಬದ ಪ್ಲಾನ್ ಆಗಿದ್ದರೆ ಅದನ್ನು ನೋಡಿಕೊಳ್ಳುವ ಇನ್ನೊಬ್ಬರು ನಿಮ್ಮ ಖಾತೆಯನ್ನು ವಾಪಸ್ ತರಬಹುದು.

ಕೀಪಾಸ್‌ನವರ ಫೈಲ್ ಅವರ ಕೈಯಲ್ಲೇ ಇರುತ್ತದೆ. ಸರ್ವರ್ ಇಲ್ಲ, ಸುಳಿವು ಇಲ್ಲ, ತುರ್ತು ಸಂಪರ್ಕವೂ ಇಲ್ಲ. ಪಾಸ್‌ವರ್ಡ್ ಸರಿಯಿದ್ದರೂ ತೆರೆಯದಿದ್ದರೆ, ಜೊತೆಗೆ ಒಂದು ಕೀ ಫೈಲ್ ಇಟ್ಟುಕೊಂಡಿದ್ದಿರಾ ಎಂದು ಪೆನ್‌ಡ್ರೈವ್‌ಗಳಲ್ಲಿ ನೋಡಿ. ಆ ಫೈಲ್‌ನ ಒಂದು ಅಕ್ಷರ ಬದಲಾಗಿದ್ದರೂ ಬೀಗ ತೆರೆಯದು.

## ತೆರೆದ ದಿನವೇ ಮಾಡಬೇಕಾದದ್ದು

ಹೊಸ ಮಾಸ್ಟರ್ ಪಾಸ್‌ವರ್ಡ್ ಬರೆದ ಕಾಗದವನ್ನು ಹೊಲದ ಪಹಣಿ, ಮನೆಯ ಪತ್ರಗಳ ಜೊತೆ ಇಡಿ. ಅದರಲ್ಲೇ ಬಿಟ್‌ವಾರ್ಡನ್‌ಗೆ ಕೊಟ್ಟ ಇಮೇಲ್, ಸರ್ವರ್ ವಿಳಾಸ, ಎರಡನೇ ಹಂತದ ರಿಕವರಿ ಕೋಡ್ ಬರೆಯಿರಿ. ಹೊಸದಾಗಿ ಎರಡನೇ ಹಂತ ಹಾಕಿದ ಮೇಲೆ ಕಾಣುವ ರಿಕವರಿ ಕೋಡನ್ನೇ ಬರೆಯಿರಿ.

ಮೊದಲ ಕೆಲವು ವಾರ ಕಂಪ್ಯೂಟರ್‌ನಲ್ಲಿ ಪಿನ್ ಇಡದೆ, ಪ್ರತಿ ಸಲ ಪೂರ್ತಿ ಪಾಸ್‌ವರ್ಡನ್ನೇ ಟೈಪ್ ಮಾಡಿ. ಬೆರಳಚ್ಚು ಫೋನ್‌ನಲ್ಲಿ ಇರಲಿ. ಹಂತ 6ರಲ್ಲಿ ಮಾಡಿದ ತುರ್ತು ಸಂಪರ್ಕದ ಕಾಯುವ ಅವಧಿಯನ್ನು 1 ದಿನದಿಂದ 7 ದಿನಕ್ಕೆ ಏರಿಸಿ. ಎರಡನೇ ಖಾತೆ ಯಾರ ಕೈಗಾದರೂ ಸಿಕ್ಕು ಅವರು ಕೋರಿಕೆ ಕಳಿಸಿದರೆ, ಇಮೇಲ್ ನೋಡಿ ತಿರಸ್ಕರಿಸಲು ನಿಮಗೆ ಒಂದು ವಾರ ಸಿಗುತ್ತದೆ. ಮಿಲ್ಲಿನವರು ತಮ್ಮ ಎರಡನೇ ಖಾತೆಯನ್ನು ತೆಗೆದು, ಬೀದರ್‌ನಲ್ಲಿರುವ ತಮ್ಮನ ಖಾತೆಯನ್ನು ಸಂಪರ್ಕವಾಗಿ ಇಟ್ಟರು. ಆಹ್ವಾನ ಕಳಿಸಿ, ತಮ್ಮ ಒಪ್ಪಿಕೊಂಡ ಮೇಲೆ, `Confirm` ಒತ್ತಿದ್ದಾಗಿದೆಯೇ ಎಂದು ಮತ್ತೊಮ್ಮೆ ತೆರೆದು ನೋಡಿದರು.